ಓಪನಿಂಗ್ ಇಲ್ಲದ ಕಂಪನಿಗೆ ಕವರ್ ಲೆಟರ್ ಬರೆಯುವುದು ಹೇಗೆ?

ಕಂಪನಿ ಜನ ಬೇಕು ಅಂತ ಎಲ್ಲೂ ಹಾಕಿಲ್ಲ. ಆದರೂ ಅವರ ಕೆಲಸ ನಿಮಗೆ ತುಂಬಾ ಹಿಡಿಸಿದೆ, ಅಲ್ಲೇ ಸೇರಬೇಕು ಅಂತ ಆಸೆ. ಓದು ಈಗಷ್ಟೇ ಮುಗಿದಿದೆ. ಹಾಗಾದರೆ ಬರೆಯಿರಿ, ತಪ್ಪೇನಿಲ್ಲ. ನಾನು ಒಂದು ಸಣ್ಣ ಕಂಪನಿಯಲ್ಲಿದ್ದಾಗ ಇಂಥ ಪತ್ರಗಳು ನನ್ನ ಮೇಜಿಗೇ ಬರುತ್ತಿದ್ದವು. ಬರೆದವರು ಜಾಣರೇ ಇರುತ್ತಿದ್ದರು. ಆದರೆ ಬಹುತೇಕ ಪತ್ರಗಳು ಒಂದೇ ಜಾಗದಲ್ಲಿ ಎಡವುತ್ತಿದ್ದವು. ಅದು ಮೆಚ್ಚುಗೆ ಹೇಳುವ ಪ್ಯಾರಾ. ಅದಕ್ಕೇ ಅದರ ಬಗ್ಗೆ ಜಾಸ್ತಿ ಹೇಳುತ್ತೇನೆ.

1. ಯಾರಿಗೆ ಬರೆಯಬೇಕು?

ಎಚ್‌ಆರ್‌ಗೆ ಬೇಡ. ಎಚ್‌ಆರ್ ಕೈಯಲ್ಲಿರುವುದು ಈಗಾಗಲೇ ಒಪ್ಪಿಗೆ ಸಿಕ್ಕ ಹುದ್ದೆಗಳ ಪಟ್ಟಿ. ನಿಮ್ಮ ಪತ್ರ ಆ ಪಟ್ಟಿಯ ಯಾವ ಸಾಲಿಗೂ ಹೊಂದುವುದಿಲ್ಲ. ನೀವು ಮೆಚ್ಚಿದ ಕೆಲಸವನ್ನು ಮಾಡಿದ ತಂಡದ ಮುಖ್ಯಸ್ಥರನ್ನು ಹುಡುಕಿ. ಇನ್ನೊಬ್ಬರು ಬೇಕು ಅನ್ನುವುದು ಮೊದಲು ಗೊತ್ತಾಗುವುದು ಅವರಿಗೇ. ಹದಿನೈದು ಇಪ್ಪತ್ತು ಜನರ ಕಂಪನಿಯಾದರೆ ನೇರ ಸ್ಥಾಪಕರಿಗೇ ಬರೆಯಬಹುದು. ಹೆಸರಿನ ಕಾಗುಣಿತವನ್ನು ಎರಡು ಕಡೆ ನೋಡಿ ಖಚಿತ ಮಾಡಿಕೊಳ್ಳಿ.

2. ಅವರ ಒಂದೇ ಒಂದು ಕೆಲಸ ಆರಿಸಿ

ಕಂಪನಿಯನ್ನಲ್ಲ, ಅವರು ಮಾಡಿದ ಒಂದು ವಸ್ತುವನ್ನು. ಅದನ್ನು ನೀವು ಬಳಸಿರಬೇಕು, ಇಲ್ಲವೇ ಕೂತು ಸರಿಯಾಗಿ ನೋಡಿರಬೇಕು. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಆ ಕಂಪನಿಗೆ ಬರೆಯುವುದೇ ಬೇಡ.

3. ಮೆಚ್ಚುಗೆಯ ಪ್ಯಾರಾ

ಸಾಮಾನ್ಯವಾಗಿ ಬರುವ ಸಾಲು ಇದು: "ನಿಮ್ಮ ಸಂಸ್ಥೆಯ ಹೊಸತನ ಮತ್ತು ಗುಣಮಟ್ಟ ನನಗೆ ಸ್ಫೂರ್ತಿ ನೀಡಿದೆ." ಈ ಸಾಲಿನಲ್ಲಿ ಕಂಪನಿಯ ಹೆಸರು ತೆಗೆದು ಬೇರೆ ಯಾವ ಹೆಸರು ಹಾಕಿದರೂ ಹೊಂದುತ್ತದೆ. ಓದುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ನೀವೂ ಇದೇ ಪರೀಕ್ಷೆ ಮಾಡಿ ನೋಡಿ. ಹೆಸರು ಬದಲಿಸಿದರೂ ಪ್ಯಾರಾ ನಿಂತರೆ, ಅಳಿಸಿ ಮತ್ತೆ ಬರೆಯಿರಿ.

ಹಾಗಾದರೆ ಏನು ಬರೆಯಬೇಕು? ಅವರು ತೆಗೆದುಕೊಂಡ ಒಂದು ತೀರ್ಮಾನ, ಮತ್ತು ಆ ತೀರ್ಮಾನದಿಂದ ಅವರಿಗೆ ಆಗಿರಬಹುದಾದ ಕಷ್ಟ. ಒಂದು ಉದಾಹರಣೆ ನೋಡೋಣ. ಇನ್‌ಸ್ಟ್ರುಮೆಂಟೇಶನ್ ಓದಿದ ಒಬ್ಬ ಹುಡುಗಿ, ಮನೆಯಲ್ಲಿ ಬಳಸುವ ಬಿಪಿ ಯಂತ್ರ ಮಾಡುವ ಸಣ್ಣ ಕಂಪನಿಗೆ ಬರೆಯುತ್ತಿದ್ದಾಳೆ ಅಂದುಕೊಳ್ಳಿ. ಅವಳ ಮೊದಲ ಪ್ರಯತ್ನ ಹೀಗಿತ್ತು:

"ನಿಮ್ಮ ಯಂತ್ರ ತುಂಬಾ ಸರಳವಾಗಿದೆ, ಬಳಸಲು ಸುಲಭ. ನಿಮ್ಮ ಕೆಲಸದ ದೊಡ್ಡ ಅಭಿಮಾನಿ ನಾನು."

ಸುಳ್ಳಲ್ಲ, ಆದರೆ ಇದರಲ್ಲಿ ಅವಳು ಏನನ್ನೂ ನೋಡಿಲ್ಲ. ಯಂತ್ರವನ್ನು ಮತ್ತೆ ಕೈಗೆ ತೆಗೆದುಕೊಂಡು, ತೋಳಿಗೆ ಸುತ್ತುವ ಪಟ್ಟಿಯನ್ನು ಬೇಕೆಂದೇ ಸಡಿಲವಾಗಿ ಕಟ್ಟಿ ಗುಂಡಿ ಒತ್ತಿದಳು. ಯಂತ್ರ ಅರ್ಧಕ್ಕೇ ನಿಂತಿತು. ಪರದೆಯಲ್ಲಿ ಪಟ್ಟಿಯ ಚಿತ್ರ ಬಂತು, ಸಂಖ್ಯೆ ಬರಲಿಲ್ಲ. ಅವಳು ಮತ್ತೆ ಬರೆದಳು:

"ಪಟ್ಟಿ ಸಡಿಲವಿದ್ದರೆ ನಿಮ್ಮ ಯಂತ್ರ ಸಂಖ್ಯೆಯನ್ನೇ ತೋರಿಸುವುದಿಲ್ಲ. ಸಡಿಲ ಪಟ್ಟಿಯಲ್ಲಿ ಬಿಪಿ ಇರುವುದಕ್ಕಿಂತ ಹೆಚ್ಚು ಬರುವ ಸಾಧ್ಯತೆ ಇರುವುದರಿಂದ ಇದು ಸರಿಯಾದ ಕ್ರಮ. ಆದರೆ ಮೂರು ಸಲ ಪಟ್ಟಿ ಕಟ್ಟಬೇಕಾಗಿ ಬಂದ ಗ್ರಾಹಕರು ಯಂತ್ರವೇ ಕೆಟ್ಟಿದೆ ಅಂದುಕೊಳ್ಳಬಹುದು. ಆ ದೂರು ಬಂದರೂ ಪರವಾಗಿಲ್ಲ, ತಪ್ಪು ಸಂಖ್ಯೆ ಬೇಡ ಎಂದು ನೀವು ನಿರ್ಧರಿಸಿದ್ದೀರಿ ಅನಿಸಿತು. ನನಗೆ ಇಷ್ಟವಾದದ್ದು ಅದೇ."

ವ್ಯತ್ಯಾಸ ಕಾಣುತ್ತದೆ ಅಲ್ವಾ? ಎರಡನೆಯದರಲ್ಲಿ ಹೊಗಳಿಕೆಯ ಮಾತು ಒಂದೇ ಒಂದು. ಮಿಕ್ಕಿದ್ದೆಲ್ಲ ಅವಳು ಕಣ್ಣಾರೆ ಕಂಡದ್ದು, ಅದರಿಂದ ಯೋಚಿಸಿ ತಿಳಿದದ್ದು. ಆ ಚಿತ್ರ ತೋರಿಸಬೇಕೋ, ಸಂಖ್ಯೆ ತೋರಿಸಬೇಕೋ ಅಂತ ಆ ತಂಡ ಒಂದು ದಿನ ಕೂತು ವಾದ ಮಾಡಿರುತ್ತದೆ. ಅದನ್ನು ಹೊರಗಿನವರೊಬ್ಬರು ಗುರುತಿಸಿದರು ಅಂದರೆ ಪತ್ರ ಪೂರ್ತಿ ಓದುತ್ತಾರೆ. "ಅನಿಸಿತು" ಅನ್ನುವ ಪದವನ್ನೂ ಗಮನಿಸಿ. ಒಳಗೆ ಏನು ನಡೆಯಿತು ಅಂತ ಅವಳಿಗೆ ಗೊತ್ತಿಲ್ಲ, ಗೊತ್ತಿರುವಂತೆ ಬರೆದೂ ಇಲ್ಲ.

ಇಲ್ಲಿ ಎದುರು ದಿಕ್ಕಿನ ತಪ್ಪೂ ಆಗುತ್ತದೆ. ಕೆಲವರು ಕಂಪನಿಯ ವಸ್ತುವಿನಲ್ಲಿ ಹತ್ತು ಕೊರತೆ ಪಟ್ಟಿ ಮಾಡಿ, ತಾವೇ ಬದಲಿಸಿದ ವಿನ್ಯಾಸವನ್ನೂ ಜೊತೆಗೆ ಕಳಿಸುತ್ತಾರೆ. ಕೇಳದೆ ಕಳಿಸಿದ ಈ ದುರಸ್ತಿ ಬಹಳ ಸಲ ಕೆಲಸ ಕೆಡಿಸುತ್ತದೆ. ಖರ್ಚು, ನಿಯಮ, ಬಿಡಿಭಾಗ ಸಿಗದಿರುವುದು, ಇಂಥ ಕಾರಣಗಳು ಹೊರಗಿನಿಂದ ಕಾಣುವುದಿಲ್ಲ. ಕೊರತೆಗಳ ಮಾತು ಭೇಟಿಗೆ ಕರೆದಾಗ, ಅವರೇ ಕೇಳಿದಾಗ ಸಾಕು.

ಇನ್ನು ನೆಟ್‌ನಲ್ಲಿ ಸಿಗುವ ರೆಡಿಮೇಡ್ ಪತ್ರಗಳು. ಖಾಲಿ ಬಿಟ್ಟ ಜಾಗದಲ್ಲಿ ಹೆಸರು ತುಂಬಿದರೆ ಆಯಿತು ಅನ್ನುವಂಥವು. ಈ ಕೆಲಸಕ್ಕೆ ಅವು ಖಂಡಿತ ಬೇಡ. ಒಂದೇ ಸಲ ಐವತ್ತು ಕಂಪನಿಗೆ ಮೇಲ್ ಕಳಿಸುವ ದಾರಿಯೂ ಬೇಡ. ಒಳಗೆ ಬೇರೆ ಕಂಪನಿಯ ಹೆಸರು ಉಳಿದುಹೋದ ಪತ್ರಗಳು ನನಗೆ ಒಂದಲ್ಲ, ಹಲವು ಬಂದಿವೆ. ಒಂದು ವಾರಕ್ಕೆ ಎರಡು ಪತ್ರ ಬರೆದರೆ ಸಾಕು.

4. ಅಲ್ಲಿಂದ ನಿಮ್ಮ ಕೆಲಸಕ್ಕೆ ಬನ್ನಿ

ಮೆಚ್ಚುಗೆ ಒಂದು ಕಡೆ, ನಿಮ್ಮ ಓದಿನ ವಿವರ ಇನ್ನೊಂದು ಕಡೆ ಆಗಬಾರದು. ನೀವು ಗುರುತಿಸಿದ ಆ ತೀರ್ಮಾನದ ಪಕ್ಕದಲ್ಲೇ ನಿಮ್ಮ ಕೆಲಸ ಇರಬೇಕು. ಆ ಹುಡುಗಿ ಮುಂದುವರಿಸಿದ್ದು ಹೀಗೆ:

"ಕೊನೆಯ ವರ್ಷದ ಪ್ರಾಜೆಕ್ಟ್‌ನಲ್ಲಿ ನಾನೂ ಇದರ ಹತ್ತಿರದ ಸಮಸ್ಯೆಯ ಮೇಲೆ ಕೆಲಸ ಮಾಡಿದೆ. ಅಳೆಯುವಾಗ ಕೈ ಅಲುಗಾಡಿದರೆ ಪಟ್ಟಿಯ ಒತ್ತಡದ ಸಣ್ಣ ಏರಿಳಿತಗಳು ಕೆಡುತ್ತವೆ. ಹಾಗೆ ಕೆಟ್ಟ ಭಾಗವನ್ನು ಗುರುತಿಸುವ ಪ್ರೋಗ್ರಾಮ್ ಬರೆದೆ. ಕೈ ಜೋರಾಗಿ ಅಲುಗಿದರೆ ಅದು ಹಿಡಿಯುತ್ತದೆ, ನಿಧಾನವಾಗಿ ಜಾರಿದರೆ ಹಿಡಿಯುವುದಿಲ್ಲ."

ಕೊನೆಯ ಸಾಲನ್ನು ತೆಗೆದುಹಾಕು ಅಂತ ಸ್ನೇಹಿತರು ಹೇಳಬಹುದು. ತೆಗೆಯಬೇಡಿ. ಯಾವುದು ಆಗಲಿಲ್ಲ ಅಂತ ಹೇಳಬಲ್ಲವರು ನಿಜವಾಗಿ ಕೆಲಸ ಮಾಡಿದವರು ಅಂತ ಆ ಕ್ಷೇತ್ರದವರಿಗೆ ಗೊತ್ತು. ಮೇಲಾಗಿ, ಮಾತು ಶುರುವಾಗುವುದೂ ಅಲ್ಲಿಂದಲೇ. ಉಳಿದ ಅಂಕ, ಪ್ರಮಾಣಪತ್ರ ಎಲ್ಲ ರೆಸ್ಯೂಮೆಯಲ್ಲಿರಲಿ.

5. ಏನು ಕೇಳಬೇಕು?

"ನನಗೆ ಹೊಂದುವ ಯಾವುದಾದರೂ ಕೆಲಸ ಕೊಡಿ" ಅನ್ನಬೇಡಿ. ಹಾಗಂದರೆ ಹುದ್ದೆ ಹುಡುಕುವ ಕೆಲಸವನ್ನು ಅವರ ತಲೆಗೆ ಕಟ್ಟಿದಂತೆ. ಹುದ್ದೆ ಇಲ್ಲ ಅನ್ನುವುದು ನಿಮಗೆ ಗೊತ್ತಿದೆ ಅಂತ ಒಂದು ಸಾಲಿನಲ್ಲಿ ಒಪ್ಪಿಕೊಳ್ಳಿ. ಆಮೇಲೆ ಅವರು ಸುಲಭವಾಗಿ ಹೂಂ ಅನ್ನಬಹುದಾದ ಸಣ್ಣದನ್ನು ಕೇಳಿ: "ಈಗ ನಿಮ್ಮಲ್ಲಿ ಜಾಗ ಇಲ್ಲ ಎಂದು ತಿಳಿದಿದೆ. ಸಿಗ್ನಲ್ ಪ್ರೊಸೆಸಿಂಗ್ ತಂಡಕ್ಕೆ ಮುಂದೆ ಫ್ರೆಷರ್ ಬೇಕಾಗಬಹುದೇ ಎಂದು ತಿಳಿಯಲು 20 ನಿಮಿಷ ಫೋನಿನಲ್ಲಿ ಮಾತನಾಡಬಹುದೇ?" ಯಾವ ತಂಡ ಅಂತ ನೀವೇ ಹೇಳುವುದು ಮುಖ್ಯ. ಸಂಬಳವಿಲ್ಲದೆ ದುಡಿಯುತ್ತೇನೆ ಅಂತ ಮಾತ್ರ ಬರೆಯಬೇಡಿ.

6. ಕಳಿಸುವುದು

ಪತ್ರ ಮೇಲ್‌ನ ಒಳಗೇ ಇರಲಿ, 250 ಪದ ದಾಟದಿರಲಿ. ರೆಸ್ಯೂಮೆ ಮಾತ್ರ ಪಿಡಿಎಫ್, ಕಡತಕ್ಕೆ ನಿಮ್ಮ ಹೆಸರು. ಸಬ್ಜೆಕ್ಟ್ ಲೈನ್‌ನಲ್ಲಿ "ಉದ್ಯೋಗಕ್ಕೆ ಅರ್ಜಿ" ಅಂತ ಹಾಕಿದರೆ ಓದದೆಯೇ ಎಚ್‌ಆರ್‌ಗೆ ತಳ್ಳುತ್ತಾರೆ. "ನಿಮ್ಮ ಬಿಪಿ ಯಂತ್ರದ ಸಡಿಲ ಪಟ್ಟಿ ಸೂಚನೆ, ಮತ್ತು ನನ್ನ ಪ್ರಾಜೆಕ್ಟ್" ಅಂತ ಹಾಕಿದರೆ ತೆರೆದು ನೋಡುತ್ತಾರೆ.

ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಅದೇ ಮೇಲ್‌ಗೆ ರಿಪ್ಲೈ ಮಾಡಿ, ಎರಡು ಸಾಲು ಬರೆಯಿರಿ. ಸುಮ್ನೆ "ನೆನಪಿಸುತ್ತಿದ್ದೇನೆ" ಅನ್ನುವ ಬದಲು ಹೊಸದೇನಾದರೂ ಇರಲಿ: "ನಿಧಾನವಾಗಿ ಕೈ ಜಾರುವುದನ್ನು ಈಗ ಸ್ವಲ್ಪ ಮಟ್ಟಿಗೆ ಹಿಡಿಯಲು ಆಗುತ್ತಿದೆ, ಗ್ರಾಫ್ ಲಗತ್ತಿಸಿದ್ದೇನೆ." ಮೂರನೇ ಸಲ ಬರೆಯಬೇಡಿ. "ಈಗ ಜಾಗ ಇಲ್ಲ, ಮುಂದೆ ನೋಡೋಣ" ಅಂತ ಉತ್ತರ ಬಂದರೆ ಅದೇ ದಿನ ಥ್ಯಾಂಕ್ಸ್ ಹೇಳಿ, ಯಾವಾಗ ಮತ್ತೆ ಬರೆಯಬಹುದು ಅಂತ ಕೇಳಿ. ಅವರು ಹೇಳಿದ ತಿಂಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು, ಆ ತಿಂಗಳು ಬಂದಾಗ ಇದೇ ಮೇಲ್‌ನ ಕೆಳಗೇ ಬರೆಯಿರಿ. ಮೊದಲ ಪತ್ರ ಅಲ್ಲೇ ಇರುವುದರಿಂದ ನೀವು ಯಾರು ಅಂತ ಮತ್ತೆ ಹೇಳಬೇಕಾಗುವುದಿಲ್ಲ.