ಕೆಂಪು ದೀಪ ಉರಿಯುತ್ತಿತ್ತು, ನೀರು ಮಾತ್ರ ತಣ್ಣಗಿತ್ತು

ಅರಸೀಕೆರೆಯ ನಮ್ಮ ಮನೆಯಲ್ಲಿ ಸೌದೆ ಹಂಡೆ ಬಿಟ್ಟ ಮೇಲೆ ಸ್ನಾನದ ನೀರಿಗೆ 1500 ವಾಟ್‌ನ ಹೀಟರ್ ರಾಡ್ ಒಂದೇ ಗತಿಯಾಗಿತ್ತು. ಕಳೆದ ಚಳಿಗಾಲದಲ್ಲಿ ಅದು ಎರಡು ಬಾರಿ ಕೈಕೊಟ್ಟಿತು. ಎರಡು ಸಲವೂ ನೀರು ಸರಿಯಾಗಿ ಕಾಯಲಿಲ್ಲ ಎಂಬುದೇ ದೂರಾಗಿದ್ದರೂ ಕಾರಣ ಮಾತ್ರ ಬೇರೆ ಬೇರೆಯಾಗಿತ್ತು.

ಮೊದಲ ಸಲ ನೀರು ಕಾಯುತ್ತಿತ್ತು, ಆದರೆ ತಡವಾಗಿ. ನಮ್ಮದು ಗಡಸು ಬೋರ್‌ವೆಲ್ ನೀರಾದ್ದರಿಂದ ರಾಡಿನ ಸುರುಳಿಯ ಮೇಲೆ ಬಿಳಿ ಸುಣ್ಣ ಪೊರೆಗಟ್ಟಿತ್ತು, ಹಾಗಾಗಿ ಎಲ್ಲರಂತೆ ನಾನೂ ತಪ್ಪನ್ನು ಸುಣ್ಣದ ಮೇಲೆಯೇ ಹಾಕಿದೆ. ಆದರೆ ಲೆಕ್ಕ ಹಾಕಿ ನೋಡಿದಾಗ ಅದು ಹೊಂದಲಿಲ್ಲ. ರಾಡಿನ ಕೊಳವೆಯೊಳಗಿನ ತಂತಿ, ಅಂದರೆ ಕಾಯಿಲ್, ಎಳೆಯುವ ವಿದ್ಯುತ್ತೆಲ್ಲ ಶಾಖವಾಗಿ ಕೊನೆಗೆ ನೀರಿಗೇ ಸೇರಬೇಕು. ಸುಣ್ಣ ಆ ಶಾಖವನ್ನು ತಡೆದು ಕಾಯಿಲನ್ನು ಹೆಚ್ಚು ಕಾಯಿಸೀತೇ ಹೊರತು ಬಕೆಟ್ ಕಾಯುವ ಹೊತ್ತನ್ನು ಅಷ್ಟೊಂದು ಹೆಚ್ಚಿಸದು. 20 ಲೀಟರ್ ನೀರು 20 ಡಿಗ್ರಿಯಿಂದ 45 ಡಿಗ್ರಿಗೆ ಏರಲು ಈ ರಾಡಿಗೆ ಸುಮಾರು 23 ನಿಮಿಷ ಬೇಕು, ನಮಗೆ ಮುಕ್ಕಾಲು ಪಾಲು ಗಂಟೆಯ ಹತ್ತಿರ ಹಿಡಿಯುತ್ತಿತ್ತು. ಬೆಳಿಗ್ಗೆ ಆರು ಗಂಟೆಗೆ ಅದೇ ಬೋರ್ಡಿನ ಪಕ್ಕದ ಸಾಕೆಟ್‌ನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿದರೆ 180 ವೋಲ್ಟ್ ತೋರಿಸಿತು. ರಾಡ್ ಆರಿಸಿದಾಗಲೂ ಅದು ನಾಲ್ಕೈದು ವೋಲ್ಟ್ ಮಾತ್ರ ಏರಿದ್ದರಿಂದ ದೋಷ ಮನೆಯ ವೈರಿಂಗಿನದ್ದಲ್ಲ, ಹೊರಗಿನ ಲೈನಿನದ್ದು ಎಂದು ಗೊತ್ತಾಯಿತು. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ರಾಡಿನ ಶಕ್ತಿ ಸುಮಾರು 900 ವಾಟ್‌ಗೆ ಕುಸಿಯುತ್ತದೆ. ವೋಲ್ಟೇಜ್ ಚೆನ್ನಾಗಿರುವ ಹೊತ್ತಿನಲ್ಲಿ ಕಾಯಿಸಿ ನೋಡಿದಾಗ ಅದೇ ಬಕೆಟ್ 25 ನಿಮಿಷಕ್ಕೆ ಕಾದಿತು.

ಸುಣ್ಣ ತೆಗೆಯುವ ಕೆಲಸವನ್ನು ನಾನು ಅಲ್ಲಿಗೇ ಮುಂದೂಡಿದ್ದು ತಪ್ಪಾಯಿತು. ಒಂದು ತಿಂಗಳ ನಂತರ ಬೆಳಿಗ್ಗೆ ಅಮ್ಮ ಬಚ್ಚಲುಮನೆಯಿಂದ, "ಮಗಾ, ದೀಪ ಉರೀತಿದೆ, ನೀರು ಮಾತ್ರ ತಣ್ಣಗೇ ಇದೆ ನೋಡು" ಎಂದು ಕೂಗಿದರು. ರಾಡಿನ ತಲೆಯಲ್ಲಿರುವ ಕೆಂಪು ದೀಪ ಕಾಯಿಲ್‌ಗೆ ಸಮಾನಾಂತರವಾಗಿ ಜೋಡಣೆಯಾಗಿರುವುದರಿಂದ ಕಾಯಿಲ್ ಸುಟ್ಟು ತುಂಡಾಗಿದ್ದರೂ ಅದು ಉರಿಯುತ್ತದೆ. ಹಾಗೆಂದು ವೈರ್ ಸರಿಯಿದೆ ಎಂದೂ ನಂಬುವಂತಿಲ್ಲ, ಏಕೆಂದರೆ ಸುಟ್ಟು ಸಡಿಲವಾದ ಸ್ಕ್ರೂ ಮೂಲಕ ಹರಿಯುವ ಅಲ್ಪ ಕರೆಂಟೂ ಆ ದೀಪಕ್ಕೆ ಸಾಕು. ಆದ್ದರಿಂದ ಪ್ಲಗ್ ಕಿತ್ತು, ರಾಡ್ ಒರೆಸಿ, ಪ್ಲಗ್‌ನ ಫೇಸ್ ಮತ್ತು ನ್ಯೂಟ್ರಲ್ ಪಿನ್ನುಗಳ ನಡುವಿನ ರೋಧವನ್ನು ಅಳೆದೆ. ಸರಿಯಿರುವ ರಾಡ್ ಸುಮಾರು 35 ಓಮ್ ತೋರಿಸಬೇಕು, ನನ್ನದು ಏನೂ ತೋರಿಸಲಿಲ್ಲ. ತಲೆಯ ಮುಚ್ಚಳ ಬಿಚ್ಚಿ ಕಾಯಿಲ್‌ನ ಎರಡು ತುದಿಗಳಲ್ಲೇ ಅಳೆದಾಗಲೂ ಅದೇ ಫಲ ಬಂದದ್ದರಿಂದ ಕಾಯಿಲೇ ತುಂಡಾಗಿದೆ ಎಂದು ಖಚಿತವಾಯಿತು.

ಈ ಕಾಯಿಲನ್ನು ಬದಲಿಸಲಾಗದು. ಅದು ಲೋಹದ ಕೊಳವೆಯೊಳಗೆ ಮೆಗ್ನೀಸಿಯಂ ಆಕ್ಸೈಡ್ ಪುಡಿಯಲ್ಲಿ ಬಿಗಿಯಾಗಿ ಹುದುಗಿರುತ್ತದೆ. ಕುತೂಹಲಕ್ಕೆ ಹ್ಯಾಕ್ಸಾದಿಂದ ಕತ್ತರಿಸಿದೆ. ಸುರುಳಿಯ ಮೇಲಿನ ಸುತ್ತಿನಲ್ಲಿ, ಸುಣ್ಣ ಎಲ್ಲಕ್ಕಿಂತ ದಪ್ಪವಾಗಿದ್ದ ಕಡೆಯಲ್ಲೇ, ಬಿಳಿಪುಡಿ ಕಪ್ಪಾಗಿ, ನೈಕ್ರೋಮ್ ತಂತಿಯ ತುದಿ ಸಾಸಿವೆ ಕಾಳಿನಷ್ಟು ಗುಂಡಗೆ ಕರಗಿ ನಿಂತಿತ್ತು. ವಿಚಾರಿಸಿದಾಗ, ರಾಡ್ ಹೊತ್ತಿಕೊಂಡಿರುವಾಗಲೇ ನನ್ನ ತಮ್ಮ ಚೊಂಬಿನಿಂದ ನೀರು ತೋಡಿಕೊಳ್ಳುತ್ತಿದ್ದ ಸಂಗತಿ ಹೊರಬಿತ್ತು. ನೀರು ರಾಡಿನ ಗುರುತಿಗಿಂತ ಕೆಳಗಿಳಿದು ಮೇಲಿನ ಸುತ್ತು ಗಾಳಿಗೆ ಬಿದ್ದಿತ್ತು.

ಐಎಸ್ಐ ಗುರುತಿನ ಹೊಸ ರಾಡ್ ತಂದ ಮೇಲೆ ತಿಂಗಳಿಗೊಮ್ಮೆ ಸುಣ್ಣ ಬಿಡಿಸುತ್ತೇನೆ. ಪ್ಲಗ್ ಕಿತ್ತು ಆರಿದ ರಾಡಿನ ಸುರುಳಿಯನ್ನಷ್ಟೇ, ತಲೆಗೆ ನೀರು ತಾಗದಂತೆ, ಎರಡು ದೊಡ್ಡ ಚಮಚ ನಿಂಬೆ ಉಪ್ಪು ಕದಡಿದ ಒಂದು ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಮುಕ್ಕಾಲು ಗಂಟೆ ಇಡುತ್ತೇನೆ. ಗುಳ್ಳೆಗಳು ಏಳುವುದು ನಿಂತ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಪೊರೆ ಕಳಚುತ್ತದೆ. ಚಾಕುವಿನಿಂದ ಕೆರೆದರೆ ಮೇಲಿನ ಲೇಪ ಹೋಗುತ್ತದೆ, ಬಚ್ಚಲು ತೊಳೆಯುವ ಆಸಿಡ್ ಲೋಹವನ್ನೇ ತಿನ್ನುತ್ತದೆ.

ಈಗ ರಾಡ್ ನೀರಿಗಿಳಿದ ಮೇಲೆ ಸ್ವಿಚ್ ಹಾಕುತ್ತೇವೆ, ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟುತ್ತೇವೆ. ಸ್ವಿಚ್ ಆರಿಸಿದರೆ ಸಾಲದೇ ಎಂದು ತಮ್ಮ ವಾದಿಸಿದ. ಆ ಸಾಕೆಟ್‌ಗೆ ಟೆಸ್ಟರ್ ಇಟ್ಟು ತೋರಿಸಿದೆ: ಸ್ವಿಚ್ ಆರಿಸಿದ್ದರೂ ಟೆಸ್ಟರ್ ಬೆಳಗಿತು. ಸ್ವಿಚ್ ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಯಲ್ಲಿ ಕೂತಿತ್ತು. ಅದೇ ವಾರ ವೈರ್‌ಮ್ಯಾನ್ ಕರೆಸಿ ಅದನ್ನು ಸರಿಮಾಡಿಸಿ, ಅರ್ಥಿಂಗ್ ಪರೀಕ್ಷಿಸಿ, ಬಚ್ಚಲುಮನೆಯ ಲೈನಿಗೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದೆ.