ಬಿಸಿಲಲ್ಲಿ ನಿಂತ ಕಾರಿಗೆ ಫೋನಿಂದ ಎಸಿ: ನನ್ನ ಎರಡು ಬೇಸಿಗೆಯ ಲೆಕ್ಕ

ನಾನು ಮೆಡಿಕಲ್ ರೆಪ್. ಮನೆ ಉಡುಪಿಯ ಅಂಬಲಪಾಡಿಯಲ್ಲಿ. ವಾರದಲ್ಲಿ ಮೂರು ದಿನ ಮಣಿಪಾಲ, ಎರಡು ದಿನ ಮಂಗಳೂರು, ಒಂದು ದಿನ ಕುಂದಾಪುರ. ಕಾರು ಇಡೀ ದಿನ ಬಿಸಿಲಲ್ಲೇ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಒಂದೂವರೆಗೆ ಬಾಗಿಲು ತೆಗೆದರೆ ಮುಖಕ್ಕೆ ಬಡಿಯುವ ಧಗೆ ನಿಮಗೂ ಗೊತ್ತು. ಬೆಲ್ಟಿನ ಬಕಲ್ ಮುಟ್ಟಲಿಕ್ಕೇ ಆಗುವುದಿಲ್ಲ. ಮುಂದಿನ ಡಾಕ್ಟರ ಕ್ಲಿನಿಕ್ ಮುಟ್ಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತದೆ. ಹಾಗಾಗಿ ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳುವಾಗ ಫೋನಿಂದ ಎಸಿ ಹಾಕಲಿಕ್ಕೆ ಆಗ್ತದಾ ಅಂತಲೇ ಮೊದಲು ಕೇಳಿದ್ದೆ.

"ಸುಮ್ನೆ ಬ್ಯಾಟರಿ ಖಾಲಿ ಮಾಡಿ ಹೆಜಮಾಡಿ ಟೋಲ್ ಹತ್ರ ನಿಲ್ತೀಯ ಮಾರಾಯ," ಅಂದಿದ್ದರು ನನ್ನ ಭಾವ. ಅವರದ್ದೂ ಅದೇ ಕಾರು, ಆದರೆ ಆ ಬಟನ್ ಒಮ್ಮೆಯೂ ಒತ್ತಿದವರಲ್ಲ. ನನ್ನ ಜೊತೆ ಕೆಲಸ ಮಾಡುವವರದ್ದೂ ಅದೇ ಮಾತು. ಈಗ ಎರಡು ಬೇಸಿಗೆ ಕಳೆದಿದೆ. ದಿನಕ್ಕೆ ನಾಲ್ಕು ಸಲ ಹಾಕುತ್ತೇನೆ, ಒಮ್ಮೆಯೂ ದಾರಿಯಲ್ಲಿ ನಿಂತಿಲ್ಲ. ಹಾಗಂತ ಮೊದಲ ಬೇಸಿಗೆಯಲ್ಲಿ ಎಲ್ಲವೂ ಸರಿ ಹೋಯಿತು ಅಂತಲ್ಲ. ಸುಮಾರು ಎಂಟು ಸಾವಿರ ರೂಪಾಯಿ ಕಳೆದುಕೊಂಡ ಮೇಲೆಯೇ ಇದು ಕೈಗೆ ಹತ್ತಿದ್ದು.

ಮೊದಲ ತಪ್ಪು, 18 ಡಿಗ್ರಿ ಮತ್ತು 30 ನಿಮಿಷ. ಬೇಗ ತಂಪಾಗಲಿ ಅಂತ ಅತಿ ಕಡಿಮೆ ಇಡುತ್ತಿದ್ದೆ. ಡಾಕ್ಟರ ರೂಮಿನ ಹೊರಗೆ ಕೂತು, ಇನ್ನೇನು ಕರೀತಾರೆ ಅನ್ನುವಾಗ ಬಟನ್ ಒತ್ತುವುದು. ಅವರು ಕರೆಯುವುದು ಇನ್ನೊಂದು ಗಂಟೆ ಬಿಟ್ಟು. ಅಷ್ಟರಲ್ಲಿ ಎಸಿ ತಾನೇ ಆಫ್ ಆಗಿರುತ್ತದೆ, ಮತ್ತೆ ಹಾಕುವುದು. ಒಂದು ದಿನ ಮಂಗಳೂರಲ್ಲಿ ಹೀಗೇ ನಾಲ್ಕು ಸುತ್ತಾಯಿತು. ಸಂಜೆ ನೋಡಿದರೆ ಬರೀ ನಿಂತಲ್ಲೇ ಹತ್ತು ಪರ್ಸೆಂಟ್ ಹೋಗಿತ್ತು. ಉಡುಪಿಗೆ ವಾಪಸ್ ಬರಲಿಕ್ಕೆ ಧೈರ್ಯ ಸಾಲದೆ ಸುರತ್ಕಲ್ ದಾಟಿ ಫಾಸ್ಟ್ ಚಾರ್ಜರಿಗೆ ಹಾಕಿದೆ. ಮುನ್ನೂರೈವತ್ತು ರೂಪಾಯಿ ಮತ್ತು ಮುಕ್ಕಾಲು ಗಂಟೆ ಹೋಯಿತು.

ಆಮೇಲೆ ಕಾರಿಗೆ ಚುಚ್ಚಿದರೆ ಅದರ ಒಳಗಿನ ಅಂಕಿಗಳನ್ನು ಫೋನಲ್ಲಿ ತೋರಿಸುವ ಒಬಿಡಿ ಡಾಂಗಲ್ ತಂದು ಕಂಪ್ರೆಸರ್ ಎಷ್ಟು ಎಳೆಯುತ್ತದೆ ಅಂತ ನೋಡಿದೆ. ಒಳಗೆ ಐವತ್ತೈದು ಡಿಗ್ರಿ ಕಾದಿದ್ದ ಕಾರಲ್ಲಿ ಮೊದಲ ಮೂರ್ನಾಲ್ಕು ನಿಮಿಷ ಹತ್ತಿರ ಹತ್ತಿರ 3 ಕಿಲೋವ್ಯಾಟ್. ಆಮೇಲೆ ಒಂದೂವರೆಗೆ ಇಳಿಯುತ್ತದೆ. ಹತ್ತು ನಿಮಿಷ ದಾಟಿದ ಮೇಲೆ 26 ಡಿಗ್ರಿಗೆ ಇಟ್ಟಿದ್ದರೆ 1 ಕಿಲೋವ್ಯಾಟಿಗೂ ಕೆಳಗೆ. 18ಕ್ಕೆ ಇಟ್ಟರೆ ಮಾತ್ರ ಅಷ್ಟು ಇಳಿಯುವುದೇ ಇಲ್ಲ. ನಮ್ಮ ಬಿಸಿಲಿಗೆ ನಿಂತ ಕಾರು 18 ಮುಟ್ಟುವುದಿಲ್ಲ, ಅದಕ್ಕೇ ಕಂಪ್ರೆಸರ್ ಕೊನೆಯವರೆಗೂ ದುಡಿಯುತ್ತಲೇ ಇರುತ್ತದೆ. ಮೊದಲ ನಿಮಿಷಗಳಲ್ಲಿ ಎರಡೂ ಒಂದೇ ವೇಗದಲ್ಲಿ ತಂಪು ಮಾಡುತ್ತವೆ. 18 ಇಟ್ಟು ನನಗೆ ಸಿಕ್ಕ ಲಾಭ ಏನೂ ಇಲ್ಲ.

ಲೆಕ್ಕ ಹೀಗೆ. ಏಳು ನಿಮಿಷಕ್ಕೆ ಕಾಲು ಯೂನಿಟಿಗಿಂತ ಸ್ವಲ್ಪ ಜಾಸ್ತಿ, 0.28 ಅಂತ ಇಟ್ಟುಕೊಳ್ಳಿ. ನನ್ನ ಕಾರಿನ ಬ್ಯಾಟರಿ ಸುಮಾರು 40 ಯೂನಿಟಿನದ್ದು, ಅಂದರೆ ಮುಕ್ಕಾಲು ಪರ್ಸೆಂಟ್. ಓಡುವ ದೂರದಲ್ಲಿ ಎರಡು ಕಿಲೋಮೀಟರ್. ಮನೆಯ ಕರೆಂಟ್ ಯೂನಿಟಿಗೆ ಏಳು ರೂಪಾಯಿ ಅಂತ ಹಿಡಿದರೂ ಒಂದು ಸಲಕ್ಕೆ ಎರಡು ರೂಪಾಯಿ. ದಿನಕ್ಕೆ ನಾಲ್ಕು ಸಲ, ತಿಂಗಳಿಗೆ 24 ದಿನ, ಒಟ್ಟು ಇನ್ನೂರು ರೂಪಾಯಿ ಒಳಗೆ. ಅದೇ ಹಳೆಯ ಅರ್ಧ ಗಂಟೆಯ ಪದ್ಧತಿಯಲ್ಲಿ ಸಲಕ್ಕೆ ಒಂದು ಯೂನಿಟ್ ಪೂರ್ತಿ ಹೋಗುತ್ತಿತ್ತು.

ಇನ್ನೊಂದು ವಿಷಯ ಭಾವನವರಿಗೆ ಒಪ್ಪಿಸಲಿಕ್ಕೆ ಬಹಳ ಸಮಯ ಹಿಡಿಯಿತು. ಮೊದಲೇ ಎಸಿ ಹಾಕದಿದ್ದರೆ ಆ ಕರೆಂಟ್ ಉಳಿಯುತ್ತದೆ ಅಂತ ಅಲ್ಲ. ಕಾರು ಹತ್ತಿದ ಕೂಡಲೇ ಹೇಗೂ ಎಸಿ ಜೋರಾಗಿ ಹಾಕ್ತೇವೆ ಅಲ್ವಾ? ಅದೇ 3 ಕಿಲೋವ್ಯಾಟ್ ಆಗಲೂ ಹೋಗುತ್ತದೆ. ಒಂದೇ ಜಾಗ, ಒಂದೇ ಸಮಯ, ಒಂದು ದಿನ ಮೊದಲೇ ಹಾಕಿ, ಮರುದಿನ ಹಾಕದೆ ಮಣಿಪಾಲದಿಂದ ಮಲ್ಪೆಗೆ ಹೋಗಿ ನೋಡಿದೆ. ನಿಜವಾಗಿ ಜಾಸ್ತಿ ಆದದ್ದು 0.1 ಯೂನಿಟ್ ಅಷ್ಟೇ. ಅದೂ ಕಿಟಕಿ ಇಳಿಸಿ ಹೊರಟರೆ ಬಿಸಿಗಾಳಿ ಪುಕ್ಕಟೆ ಹೊರಗೆ ಹೋಗುತ್ತದೆ ಅನ್ನುವ ಕಾರಣಕ್ಕೆ.

ಬ್ಯಾಟರಿ ಸವೆಯುವ ಹೆದರಿಕೆಗೂ ನನ್ನ ಉತ್ತರ ಇದೇ ಲೆಕ್ಕದಲ್ಲಿ ಇದೆ. ಹೆದ್ದಾರಿಯಲ್ಲಿ ಎಂಬತ್ತರಲ್ಲಿ ಹೋಗುವಾಗ ಅದೇ ಬ್ಯಾಟರಿ 11-12 ಕಿಲೋವ್ಯಾಟ್ ಕೊಡುತ್ತಿರುತ್ತದೆ. ನಿಂತಲ್ಲಿ 3 ಕೊಡುವುದು ಅದಕ್ಕೆ ಭಾರವೇ ಅಲ್ಲ. ದಿನಕ್ಕೆ ಒಂದು ಯೂನಿಟ್ ಅಂದರೆ ವರ್ಷಕ್ಕೆ ಏಳೆಂಟು ಪೂರ್ತಿ ಚಾರ್ಜಿಗೆ ಸಮ. ಬ್ಯಾಟರಿಗೆ ನಿಜವಾದ ತೊಂದರೆ ನೂರಕ್ಕೆ ನೂರು ತುಂಬಿಸಿ ಬಿಸಿಲಲ್ಲಿ ಗಂಟೆಗಟ್ಟಲೆ ನಿಲ್ಲಿಸುವುದರಿಂದ. ನಾನು ಬೇಸಿಗೆಯಲ್ಲಿ 80ಕ್ಕೇ ನಿಲ್ಲಿಸುತ್ತೇನೆ.

18 ಡಿಗ್ರಿ ಬಿಟ್ಟದ್ದಕ್ಕೆ ಇನ್ನೊಂದು ಕಾರಣವೂ ಉಂಟು. ಮೇ ತಿಂಗಳ ಒಂದು ರಾತ್ರಿ ಕಂಕನಾಡಿಯಲ್ಲಿ ಕಾರು ಹತ್ತಿದೆ, ಮುಂದಿನ ಗಾಜು ಪೂರ್ತಿ ಬಿಳಿ. ಒಳಗಿಂದ ಒರೆಸಿದೆ, ಹೋಗಲಿಲ್ಲ. ಮಂಜು ಕೂತದ್ದು ಹೊರಗಡೆ. ನಮ್ಮ ಕರಾವಳಿ ಗಾಳಿಯಲ್ಲಿ ಆಗ ಎಷ್ಟು ತೇವ ಇರುತ್ತದೆಂದರೆ, ಗಾಜು 25 ಡಿಗ್ರಿಗಿಂತ ತಣ್ಣಗಾದರೆ ಸಾಕು, ಹೊರಗಿನ ನೀರು ಹನಿಯಾಗಿ ಕೂರುತ್ತದೆ. ಫೋನಿಂದ ಹಾಕಿದಾಗ ನನ್ನ ಕಾರು ಗಾಳಿಯನ್ನು ಗಾಜಿನ ಕಡೆಗೂ ಬಿಡುತ್ತಿತ್ತು. ಈಗ ಲಾಕ್ ಮಾಡುವ ಮೊದಲೇ ಗಾಳಿ ಮುಖಕ್ಕೆ ಬರುವ ಹಾಗೆ, ಒಳಗಿನ ಗಾಳಿಯೇ ತಿರುಗುವ ಹಾಗೆ ಇಟ್ಟು ಇಳಿಯುತ್ತೇನೆ. ಕೊನೆಗೆ ಇಟ್ಟದ್ದನ್ನೇ ಅದು ನೆನಪಿಟ್ಟುಕೊಳ್ಳುತ್ತದೆ. ಹೊರಗಿನ ತೇವದ ಗಾಳಿ ಎಳೆಯುತ್ತಿದ್ದರೆ ಆ ನೀರನ್ನು ಇಳಿಸಲಿಕ್ಕೇ ಕಂಪ್ರೆಸರಿನ ಅರ್ಧ ಶಕ್ತಿ ಹೋಗುತ್ತದೆ.

ಈಗ ದೊಡ್ಡ ಪೆಟ್ಟಿನ ವಿಷಯ. ಅದು ದೊಡ್ಡ ಬ್ಯಾಟರಿಯದ್ದಲ್ಲ, 12 ವೋಲ್ಟಿನ ಸಣ್ಣ ಬ್ಯಾಟರಿಯದ್ದು.

ಶನಿವಾರ ಮನೆಯವರೆಲ್ಲ ಭಾವನವರ ಕಾರಲ್ಲಿ ಧರ್ಮಸ್ಥಳಕ್ಕೆ ಹೋಗಿದ್ದೆವು. ನನ್ನ ಕಾರು ಮನೆಯಲ್ಲಿ. ಸೋಮವಾರ ಬೆಳಗ್ಗೆ ರಿಮೋಟ್ ಒತ್ತಿದರೆ ಸದ್ದೇ ಇಲ್ಲ. ರಿಮೋಟಿನೊಳಗಿನ ಸಣ್ಣ ಕೀಲಿಯಿಂದ ಬಾಗಿಲು ತೆಗೆದೆ, ಪರದೆ ಕತ್ತಲೆ. ದೊಡ್ಡ ಬ್ಯಾಟರಿಯಲ್ಲಿ 74 ಪರ್ಸೆಂಟ್ ಇತ್ತು. ಆದರೆ ಅದನ್ನು ಕಾರಿಗೆ ಜೋಡಿಸುವ ರಿಲೇ ಒತ್ತಲಿಕ್ಕೆ ಈ ಸಣ್ಣ ಬ್ಯಾಟರಿಯೇ ಬೇಕು. ಪಕ್ಕದ ಮನೆಯವರ ಕಾರಿಂದ ಜಂಪ್ ಕೊಟ್ಟು ಸರ್ವಿಸಿಗೆ ಒಯ್ದೆ. ಹೊಸ ಬ್ಯಾಟರಿ ಆರೂವರೆ ಸಾವಿರ ಚಿಲ್ಲರೆ. "ಆ್ಯಪಿನಿಂದ ಎಸಿ ಹಾಕ್ಬೇಡಿ ಸರ್, ಅದ್ರಿಂದಲೇ ಹೀಗಾಗೋದು," ಅಂದರು ಅಲ್ಲಿಯವರು. ಭಾವನವರಿಗೂ ಅದೇ ಬೇಕಿತ್ತು.

ನನಗೆ ಒಪ್ಪಿಗೆಯಾಗಲಿಲ್ಲ. ಆ ಶನಿವಾರ-ಭಾನುವಾರ ನಾನು ಎಸಿ ಹಾಕಿಯೇ ಇರಲಿಲ್ಲ. ಹಾಗಾದರೆ ಕರೆಂಟ್ ತಿಂದದ್ದು ಯಾರು?

ಬಾನೆಟ್ ತೆಗೆದು ಮೀಟರ್ ಹಿಡಿದರೆ ಆಗುವುದಿಲ್ಲ, ತೆಗೆದ ಕೂಡಲೇ ಕಾರು ಎಚ್ಚರ ಆಗುತ್ತದೆ. ಮೀಟರಿನ ವೈರ್ ಮೊದಲೇ ಹೊರಗೆ ತಂದೆ. ಬಾನೆಟ್ ಲಾಚನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಕಾರಿಗೆ ಮುಚ್ಚಿದ ಹಾಗೆ ತೋರಿಸಿ, ಲಾಕ್ ಮಾಡಿ ಅರ್ಧ ಗಂಟೆ ಕಾದೆ. (ಬಾನೆಟ್ ಇಳಿಸುವ ಮೊದಲು ಲಾಚ್ ಬಿಡಿಸಲು ಮರೆಯಬೇಡಿ.) ಮಲಗಿದ ಕಾರಲ್ಲಿ 12.6 ವೋಲ್ಟ್, ಕ್ಲ್ಯಾಂಪ್ ಮೀಟರಿಗೆ ಸಿಗದಷ್ಟು ಕಡಿಮೆ ಕರೆಂಟ್. ಫೋನಿಂದ ಎಸಿ ಹಾಕಿದೆ. ವೋಲ್ಟೇಜ್ ಇಳಿಯುವ ಬದಲು 14ರ ಮೇಲಕ್ಕೆ ಹೋಯಿತು! ಎಸಿ ಹಾಕಿದಾಗ ದೊಡ್ಡ ಬ್ಯಾಟರಿ ಜೋಡಣೆಯಾಗಿ ಸಣ್ಣದನ್ನು ಚಾರ್ಜ್ ಮಾಡುತ್ತದೆ. ಆಫ್ ಮಾಡಿ, ಮತ್ತೆ ಮಲಗಲು ಬಿಟ್ಟು, ಈ ಸಲ ಬರೀ ಆ್ಯಪ್ ತೆರೆದು ಚಾರ್ಜ್ ಎಷ್ಟಿದೆ ಅಂತ ರಿಫ್ರೆಶ್ ಮಾಡಿದೆ. ಮೀಟರ್ ಒಮ್ಮೆಲೇ 8 ಆಂಪಿಯರಿಗೆ ಹಾರಿತು. ಮತ್ತೆ ಮಲಗಲಿಕ್ಕೆ ಐದಾರು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ದೊಡ್ಡ ಬ್ಯಾಟರಿಯ ಸಹಾಯ ಇಲ್ಲ.

ನನ್ನ ಫೋನಲ್ಲಿ ಒಂದು ವಿಜೆಟ್ ಇತ್ತು. ಕಾಲು ಗಂಟೆಗೊಮ್ಮೆ ತಾನೇ ರಿಫ್ರೆಶ್ ಆಗುತ್ತಿತ್ತು. ಅಂದರೆ ದಿನಕ್ಕೆ ತೊಂಬತ್ತಾರು ಸಲ ಕಾರನ್ನು ಎಬ್ಬಿಸುತ್ತಿದ್ದೆ. ಒಂದು ಸಲಕ್ಕೆ ಮುಕ್ಕಾಲು ಆಂಪಿಯರ್-ಗಂಟೆ ಹಿಡಿದರೂ ನಲವತ್ತು ಆಂಪಿಯರ್-ಗಂಟೆಯ ಆ ಸಣ್ಣ ಬ್ಯಾಟರಿ ಒಂದು ದಿನ ಬರುವುದಿಲ್ಲ. ಓಡಿಸುವ ದಿನಗಳಲ್ಲಿ ತುಂಬಿಕೊಳ್ಳುತ್ತಿದ್ದುದರಿಂದ ಗೊತ್ತಾಗಲಿಲ್ಲ. ವಿಜೆಟ್ ತೆಗೆದೆ. ಡಾಂಗಲ್ ಕೂಡ ಈಗ ಬೇಕಾದಾಗ ಮಾತ್ರ ಚುಚ್ಚುತ್ತೇನೆ. ಅದಾಗಿ ಒಂದೂವರೆ ವರ್ಷ, ಬೆಳಗ್ಗೆ ನೋಡಿದರೆ 12.5ಕ್ಕಿಂತ ಕೆಳಗೆ ಇಳಿದದ್ದಿಲ್ಲ. ಸರ್ವಿಸಿನವರಿಗೂ ಹೇಳಿದೆ, ತಲೆಯಾಡಿಸಿದರು. ಎಲ್ಲ ಕಾರುಗಳೂ ಹೀಗೇ ಅಂತಲ್ಲ. ಕೆಲವು ಮಲಗಿದ್ದಾಗಲೂ ಸಣ್ಣ ಬ್ಯಾಟರಿಯನ್ನು ತಾವೇ ತುಂಬಿಸಿಕೊಳ್ಳುತ್ತವೆ. ನಿಮ್ಮದನ್ನು ಒಮ್ಮೆ ಅಳೆದು ನೋಡಿ.

ನನ್ನ ಈಗಿನ ಕ್ರಮ: ಇಳಿಯುವಾಗ ಮುಂದಿನ ಗಾಜಿಗೆ ಬೆಳ್ಳಿ ಹಾಳೆ. ಡಾಕ್ಟರ ರೂಮಿಂದ ಹೊರಗೆ ಬಂದ ಮೇಲೆಯೇ ಬಟನ್, ಮೊದಲಲ್ಲ. ಮಣಿಪಾಲದಲ್ಲಿ ಲಿಫ್ಟ್ ಇಳಿದು ಕಾರಿನ ತನಕ ನಡೆಯಲಿಕ್ಕೆ ಹೆಚ್ಚುಕಡಿಮೆ ಏಳು ನಿಮಿಷ. ಮೊದಲು ಒಂದು ನಿಮಿಷ ಕಿಟಕಿ ಇಳಿಸಿ ಬಿಸಿಗಾಳಿ ಬಿಡುವುದು, ಆಮೇಲೆ ಏರಿಸಿ ಎಸಿ. ನನ್ನ ಆ್ಯಪಲ್ಲಿ ಕಿಟಕಿ ಇಳಿಸುವ ಬಟನ್ ಇಲ್ಲ. ಆದರೂ ದೂರದಿಂದ ಅದನ್ನು ಹೇಗೆ ಮಾಡುತ್ತೇನೆ ಅನ್ನುವುದು ಸದ್ಯ ನನ್ನಲ್ಲೇ ಇರಲಿ. ಇನ್ನೊಂದು ಬೇಸಿಗೆ ನೋಡಿ ಬರೆಯುತ್ತೇನೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಬೆಳ್ಳಿ ಹಾಳೆಯ ಬದಲು ಹೊರಗಿಂದ ತೆಂಗಿನ ಮಡಲು ಹೆಣೆದು ಗಾಜಿನ ಮೇಲೆ ಹಾಕಿ ನೋಡಿದೆ. ಅದು ಹಾಳೆಗಿಂತ ನಾಲ್ಕೈದು ಡಿಗ್ರಿ ತಂಪು. ಬಿಸಿಲು ಗಾಜು ದಾಟುವ ಮೊದಲೇ ನಿಲ್ಲುತ್ತದಲ್ಲ. ಮನೆಯಲ್ಲಿ ಚೆನ್ನಾಗಿದೆ, ಆಸ್ಪತ್ರೆಯ ಪಾರ್ಕಿಂಗಲ್ಲಿ ಗಾಳಿಗೆ ನಿಲ್ಲಲಿಲ್ಲ. ಬಕಲಿನ ಮೇಲೆ ಅಡಿಕೆ ಹಾಳೆಯ ಒಂದು ತುಂಡು ಮುಚ್ಚಿಡುತ್ತೇನೆ. ಅದು ಮಾತ್ರ ಈಗಲೂ ಉಂಟು.

ಭಾವನವರ ಮಗನದ್ದು ಪೆಟ್ರೋಲ್ ಆಟೋಮ್ಯಾಟಿಕ್, ಅದರಲ್ಲೂ ಫೋನಿಂದ ಸ್ಟಾರ್ಟ್ ಆಗುತ್ತದೆ. ಹತ್ತು ನಿಮಿಷಕ್ಕೆ ಇನ್ನೂರು ಎಂಎಲ್ ತನಕ ಪೆಟ್ರೋಲ್, ಅಂದರೆ ಇಪ್ಪತ್ತು ರೂಪಾಯಿ. ಅವನು ಶಟರ್ ಹಾಕಿದ ಶೆಡ್ಡಿನಲ್ಲಿ ಸ್ಟಾರ್ಟ್ ಮಾಡುತ್ತಿದ್ದ. ಅದನ್ನು ಕೂಡಲೇ ನಿಲ್ಲಿಸಿದೆ. ಎಂಜಿನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ವಾಸನೆ ಇಲ್ಲ, ಮುಚ್ಚಿದ ಜಾಗದಲ್ಲಿ ಜೀವ ತೆಗೆಯುತ್ತದೆ.

ಇನ್ನೂ ಬಗೆಹರಿಯದ್ದು ಹಂಪನಕಟ್ಟೆಯ ಒಂದು ಕಾಂಪ್ಲೆಕ್ಸಿನ ನೆಲಮಾಳಿಗೆ. ಅಲ್ಲಿ ಕಾರಿಗೆ ಸಿಗ್ನಲ್ ಸಿಗುವುದಿಲ್ಲ, ಆ್ಯಪ್ ಸುತ್ತುತ್ತಲೇ ಇರುತ್ತದೆ. ಅಲ್ಲಿ ಬಿಸಿಲೂ ಇಲ್ಲ, ಸೆಕೆ ಮಾತ್ರ. ಆ ದಿನ ರ‍್ಯಾಂಪ್ ಹತ್ತಿರ ಸಿಗ್ನಲ್ ಎರಡು ಗೆರೆ ತೋರಿಸುವ ಮೂಲೆಯಲ್ಲಿ ಜಾಗ ಸಿಕ್ಕರೆ ಹಾಕುತ್ತೇನೆ, ಇಲ್ಲವಾದರೆ ಕಿಟಕಿ ಇಳಿಸಿ ಹೊರಡುತ್ತೇನೆ.