ಕರಡು ತಿದ್ದುವ ನನ್ನ ಮೇಜು: ಗಮನ ಚದುರದಂತೆ ನಾನು ಬದಲಿಸಿದ್ದು

ನಾನು ಪುಸ್ತಕಗಳ ಕರಡು ತಿದ್ದುವವನು. ಒಂದು ಸಾಲಿನಲ್ಲಿ ಗಮನ ತಪ್ಪಿದರೆ ತಪ್ಪು ಹಾಗೇ ಅಚ್ಚಾಗಿಬಿಡುತ್ತದೆ. ಆದರೆ ನನ್ನ ಗಮನ ಬೇಗ ಚದುರುವಂಥದ್ದು. ‘ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋ’ ಎಂದವರು ಬಹಳ ಮಂದಿ. ಮನಸ್ಸನ್ನು ಹಿಡಿದಿಡುವುದೂ ಒಂದು ಕೆಲಸವೇ ಅಲ್ವಾ? ಅದರಲ್ಲೇ ಸುಸ್ತಾದರೆ ಪುಟಕ್ಕೆ ಏನು ಉಳಿಯುತ್ತದೆ? ಅದಕ್ಕೇ ಮನಸ್ಸನ್ನು ದೂರುವುದು ಬಿಟ್ಟು, ಕೂರುವ ಜಾಗವನ್ನು ನೋಡತೊಡಗಿದೆ.

ಮೊದಲು ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಂಡೆ. ಗಮನ ಹೋಯಿತು ಎಂದು ಗೊತ್ತಾದಾಗಲೆಲ್ಲ ಎರಡು ವಿಷಯ ಬರೆಯುತ್ತಿದ್ದೆ: ಎಳೆದದ್ದು ಯಾವುದು, ಆಗ ಪುಟದಲ್ಲಿ ಎಲ್ಲಿದ್ದೆ. ಈ ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬಂತು. ನಾನು ಫೋನ್ ಎತ್ತಿಕೊಂಡ ಹೆಚ್ಚಿನ ಸಲ ಅದು ಸದ್ದೇ ಮಾಡಿರಲಿಲ್ಲ. ಕಗ್ಗಂಟಾದ ಅಡಿಟಿಪ್ಪಣಿ, ಉದ್ದದ ಕೋಷ್ಟಕ, ಅರ್ಥವಾಗದ ವಾಕ್ಯ, ಇಂಥ ಕಡೆ ಸಿಕ್ಕಿಕೊಂಡಾಗ ಕೈ ತಾನಾಗಿ ಅದರತ್ತ ಹೋಗುತ್ತಿತ್ತು. ಹಾಗಿದ್ದಮೇಲೆ ಫೋನನ್ನು ಸೈಲೆಂಟ್ ಮಾಡಿದರೆ ಸಾಲದು. ಅದು ಕೈಗೆ ಎಟುಕಬಾರದು.

2017ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನ ಇದೆ. ಸದ್ದಿಲ್ಲದ ಫೋನ್ ಮೇಜಿನ ಮೇಲೆ ಇದ್ದವರಿಗಿಂತ, ಬೇರೆ ಕೋಣೆಯಲ್ಲಿ ಇಟ್ಟು ಬಂದವರು ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದರು ಎನ್ನುತ್ತದೆ ಅದು. ಆಮೇಲಿನ ಅಧ್ಯಯನಗಳಲ್ಲೆಲ್ಲ ಅದೇ ಫಲಿತಾಂಶ ಬಂದಿಲ್ಲ. ನಾನು ಬೇರೆ ಕೋಣೆಯಲ್ಲಿ ಇಡುವುದಕ್ಕೆ ಕಾರಣ ಇನ್ನೂ ಸರಳ. ಮೇಜಿನ ಮೇಲಿದ್ದರೆ ಯೋಚಿಸುವ ಮೊದಲೇ ಅದು ಕೈಯಲ್ಲಿರುತ್ತದೆ. ಆಚೆ ಕೋಣೆಯಲ್ಲಿದ್ದರೆ ಕುರ್ಚಿ ಸರಿಸಿ ಏಳಬೇಕು. ಅಷ್ಟರಲ್ಲಿ, ‘ಓ, ಈ ಕೋಷ್ಟಕ ಕಷ್ಟ ಆಗ್ತಿದೆ, ಅದಕ್ಕೇ ಏಳ್ತಿದ್ದೀನಿ’ ಎಂದು ನನಗೇ ಗೊತ್ತಾಗುತ್ತದೆ. ತುರ್ತು ಕರೆಗಳ ಚಿಂತೆ ಇರುವವರು ಮನೆಯವರ ನಂಬರ್‌ಗಳಿಗೆ ಮಾತ್ರ ರಿಂಗ್ ಆಗುವಂತೆ ಸೆಟ್ ಮಾಡಿ, ಸದ್ದು ಜೋರಾಗಿಟ್ಟು ಬರಬಹುದು.

ಇಷ್ಟು ಮಾಡಿದರೂ ಫೋನ್ ಮೆಲ್ಲಗೆ ಮೇಜಿಗೆ ವಾಪಸ್ ಬರುತ್ತದೆ. ಏಕೆಂದರೆ ಗಡಿಯಾರ, ನಿಘಂಟು ಎಲ್ಲವೂ ಅದರಲ್ಲೇ ಇವೆ. ಅದು ಮಾಡುತ್ತಿದ್ದ ಒಂದೊಂದು ಕೆಲಸಕ್ಕೂ ಬೇರೆ ವಸ್ತು ಬೇಕು. ಈಗ ಕಣ್ಣೆದುರು ಒಂದು ಗೋಡೆ ಗಡಿಯಾರ, ಕೈಗೆಟುಕುವಲ್ಲಿ ಅಚ್ಚಾದ ನಿಘಂಟು ಇವೆ. ಇಂಟರ್ನೆಟ್‌ನಲ್ಲಿ ನೋಡಲೇಬೇಕಾದ ಹೆಸರು, ಇಸವಿಗಳನ್ನು ಪುಟದ ಸಂಖ್ಯೆ ಸಮೇತ ಪೆನ್ಸಿಲ್‌ನಲ್ಲಿ ಬರೆದಿಟ್ಟು, ಅಧ್ಯಾಯ ಮುಗಿದ ಮೇಲೆ ಒಟ್ಟಿಗೆ ನೋಡುತ್ತೇನೆ. ನಡುವೆ ಒಂದೇ ಒಂದು ಹುಡುಕಲು ಹೋದರೂ ಅದು ಒಂದಕ್ಕೆ ನಿಲ್ಲುವುದಿಲ್ಲ.

ಚೀಟಿಯಲ್ಲಿ ಫೋನಿನ ನಂತರ ಜಾಸ್ತಿ ಕಂಡದ್ದು ಮಾತು. ಓದುವ ಕೆಲಸಕ್ಕೆ ಅರ್ಥವಾಗುವ ಮಾತಿನಷ್ಟು ತೊಂದರೆ ಕೊಡುವ ಸದ್ದು ಇನ್ನೊಂದಿಲ್ಲ. ಸಾಹಿತ್ಯ ಇರುವ ಹಾಡೂ ಅಷ್ಟೇ. ಫ್ಯಾನಿನ ಒಂದೇ ಸಮನೆಯ ಸದ್ದು ಅಷ್ಟಾಗಿ ಕಾಡುವುದಿಲ್ಲ, ಪಕ್ಕದ ಕೋಣೆಯ ಮಾತನ್ನು ಮಸುಕು ಮಾಡಿ ಸಹಾಯವನ್ನೇ ಮಾಡುತ್ತದೆ. ಪೂರ್ತಿ ನಿಶ್ಶಬ್ದ ಬೇಕಿಲ್ಲ. ಯಾರೋ ಮಾತಾಡುತ್ತಿದ್ದಾರೆ ಎಂದು ಗೊತ್ತಾದರೂ ಪದಗಳು ಬಿಡಿಸಿ ಕೇಳದಿದ್ದರೆ ನನಗೆ ಸಾಕು. ಕೇಳುತ್ತಿದ್ದರೆ ಬಾಗಿಲು ಮುಚ್ಚುತ್ತೇನೆ, ಇಲ್ಲವೇ ಕೂರುವ ಜಾಗ ಬದಲಿಸುತ್ತೇನೆ. ಮೇಜನ್ನೂ ಗೋಡೆಗೆ ಮುಖ ಮಾಡಿ ಇಟ್ಟಿದ್ದೇನೆ, ಓಡಾಡುವವರು ಕಣ್ಣಂಚಿಗೆ ಬೀಳುವುದಿಲ್ಲ.

ಕೆಲವು ಅಡ್ಡಿಗಳನ್ನು ತಪ್ಪಿಸಲು ಆಗುವುದೇ ಇಲ್ಲ. ಬಾಗಿಲು ಬಡಿದರೆ ಏಳಲೇಬೇಕು. ಅಲ್ಲಿ ನಷ್ಟ ಆಗುವುದು ಎದ್ದದ್ದರಿಂದಲ್ಲ, ವಾಪಸ್ ಬಂದು ‘ಎಲ್ಲಿದ್ದೆ?’ ಎಂದು ಹುಡುಕುವುದರಿಂದ. ಏಳುವ ಮೊದಲು ಸಾಲಿಗೆ ಗೆರೆ ಎಳೆದು, ಆಗ ತಲೆಯಲ್ಲಿದ್ದುದನ್ನು ಅಂಚಿನಲ್ಲಿ ಬರೆಯುತ್ತೇನೆ. ಉದಾಹರಣೆಗೆ: ‘ಇಲ್ಲಿ ಅವರು, ಕೆಳಗೆ ಅವನು – ಒಬ್ಬರೇನಾ?’ ಬರೀ ಗೆರೆ ಇದ್ದರೆ ಪ್ಯಾರಾ ಪೂರ್ತಿ ಮತ್ತೆ ಓದಬೇಕಾಗುತ್ತದೆ. ಆ ಪ್ರಶ್ನೆ ಇದ್ದರೆ ನೇರವಾಗಿ ಅಲ್ಲಿಗೇ ಹೋಗಬಹುದು.

ಗೋಡೆಗೆ ‘ಗಮನ ಇಡು’ ಎಂದು ಚೀಟಿ ಅಂಟಿಸುವುದರಲ್ಲಿ ನನಗೆ ನಂಬಿಕೆ ಇಲ್ಲ. ಕೆಲವೇ ದಿನಗಳಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಮೇಲಾಗಿ ಅದು ಮತ್ತೆ ಮನಸ್ಸನ್ನೇ ದೂರುವ ದಾರಿ. ನಿದ್ದೆ ಕೆಟ್ಟ ದಿನ ಈ ಬದಲಾವಣೆಗಳಿಂದಲೂ ಹೆಚ್ಚೇನೂ ಆಗದು. ಅಂಥ ದಿನ ಕರಡು ಬಿಟ್ಟು ಪುಟ ಜೋಡಿಸುವಂಥ ಕೆಲಸ ಹಿಡಿಯುತ್ತೇನೆ.

ಮೇಜನ್ನು ಎಷ್ಟು ಬದಲಿಸಿದರೂ ಮನೆಯಲ್ಲಿ, ಕೆಲಸದಲ್ಲಿ, ದುಡ್ಡಿನ ಲೆಕ್ಕದಲ್ಲಿ, ಎಲ್ಲ ಕಡೆ ಗಮನ ಹೀಗೇ ಚದುರುತ್ತಿದ್ದರೆ ಮನೋವೈದ್ಯರನ್ನು ಕಾಣುವುದು ಒಳ್ಳೆಯದು. ಅದು ಎಡಿಎಚ್‌ಡಿ ಎಂಬ, ಚಿಕ್ಕಂದಿನಿಂದಲೇ ಗಮನ ನಿಲ್ಲದಿರುವ ಸಮಸ್ಯೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಹನ್ನೆರಡು ವರ್ಷ ವಯಸ್ಸಾಗುವ ಮೊದಲೇ ಲಕ್ಷಣಗಳಿದ್ದವೇ, ಒಂದಕ್ಕಿಂತ ಹೆಚ್ಚು ಕಡೆ ಕಾಣುತ್ತವೆಯೇ ಎಂದು ವೈದ್ಯರು ಕೇಳುತ್ತಾರೆ. ಚಿಕ್ಕಂದಿನಲ್ಲಿ ನಿಮ್ಮನ್ನು ನೋಡಿದವರೊಡನೆ ಮೊದಲೇ ಮಾತಾಡಿ, ಗಮನ ಹೋದದ್ದನ್ನು ಬರೆದಿಟ್ಟ ಚೀಟಿಗಳನ್ನೂ ಜೊತೆಗೆ ಒಯ್ದರೆ ಉತ್ತರ ಹೇಳುವುದು ಸುಲಭ.